ಪ್ಲೇಟ್‌ಲೆಟ್ ಜಾಸ್ತಿ ಬಂತಾ? ರಿಪೋರ್ಟನ್ನು ಹೀಗೆ ಓದಿ

ಡೆಂಗಿಯ ದೆಸೆಯಿಂದ ಪ್ಲೇಟ್‌ಲೆಟ್ ಕಡಿಮೆಯಾದರೆ ಹೆದರಬೇಕು ಎಂಬುದು ಹುಬ್ಬಳ್ಳಿ-ಧಾರವಾಡದ ಮನೆಮನೆಗೂ ಗೊತ್ತು. ಜಾಸ್ತಿಯಾದರೆ ಏನು ಎಂಬುದು ಮಾತ್ರ ಗೊತ್ತಿಲ್ಲ. ‘ಜಾಸ್ತಿ ಇದ್ರ ಛಲೋನ ಅಲ್ರೀ ಸರ?’ ಎಂದು ನಗುತ್ತಾ ಕೇಳುವವರಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿ ‘ಬ್ಲಡ್ ಕ್ಯಾನ್ಸರ್ ಅಂತ ತೋರಸಾಕತ್ತೈತ್ರಿ’ ಎಂದು ರಾತ್ರಿಯಿಡೀ ನಿದ್ದೆ ಬಿಟ್ಟು ಬರುವವರೂ ಇದ್ದಾರೆ. ಬಹುತೇಕ ಸಲ ಎರಡೂ ಸರಿಯಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಗದಗ ಹತ್ತಿರದ ಹಳ್ಳಿಯ 39 ವರ್ಷದ ಹೆಣ್ಣುಮಗಳು ಅಂದುಕೊಳ್ಳಿ. ಮೆಣಸಿನಕಾಯಿ ಹೊಲದ ಕೆಲಸ. ನಾಲ್ಕು ಹೆಜ್ಜೆ ಏರಿದರೆ ಏದುಸಿರು. ಮುಟ್ಟು ಏಳೆಂಟು ದಿನ ಹೋಗುತ್ತದೆ, ಗಡ್ಡೆ ಗಡ್ಡೆಯಾಗಿ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ 7.8 ಲಕ್ಷ ಬಂದಿದೆ. ಸಾಮಾನ್ಯವಾಗಿ ಇರಬೇಕಾದ್ದು 1.5ರಿಂದ 4.5 ಲಕ್ಷ.

ಮೊದಲು ಅಂಕಿ ನಿಜವೇ ನೋಡಿ

ಕೆಲವು ಲ್ಯಾಬ್‌ಗಳು 7.8 ಎಂದು ಲಕ್ಷದಲ್ಲಿ ಬರೆಯುತ್ತವೆ, ಕೆಲವು 780 ಎಂದು ಸಾವಿರದಲ್ಲಿ. ಎರಡು ಊರಿನ ಎರಡು ರಿಪೋರ್ಟ್ ಹಿಡಿದು ‘ಏಳರಿಂದ ಏಳುನೂರಕ್ಕೆ ಏರಿತು’ ಎಂದು ಗಾಬರಿಯಾಗುವುದು ಅಪರೂಪವೇನಲ್ಲ. ಪಕ್ಕದಲ್ಲಿರುವ ಅಳತೆಯ ಘಟಕವನ್ನು ಮೊದಲು ಓದಿ.

ಇನ್ನೊಂದು ಸೂಕ್ಷ್ಮ ಇದೆ. ಹೆಚ್ಚಿನ ಯಂತ್ರಗಳು ಕಣದ ಗಾತ್ರ ನೋಡಿ ಎಣಿಸುತ್ತವೆ. ರಕ್ತಹೀನತೆಯಲ್ಲಿ ಕೆಂಪು ಕಣಗಳು ತೀರಾ ಸಣ್ಣದಾಗಿ, ತುಂಡು ತುಂಡಾಗಿದ್ದರೆ ಆ ಚೂರುಗಳನ್ನೂ ಯಂತ್ರ ಪ್ಲೇಟ್‌ಲೆಟ್ ಎಂದೇ ಲೆಕ್ಕ ಹಾಕಬಹುದು. ಅದಕ್ಕೇ ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆ ಬೇಕು. ಖರ್ಚು ಕಡಿಮೆ, ಸಿಗುವ ಮಾಹಿತಿ ಬಹಳ. ದುಬಾರಿ ಪರೀಕ್ಷೆಗೆ ಮೊದಲು ಇದನ್ನು ಕೇಳಿ ಮಾಡಿಸಿ ಎಂದೇ ನಾನು ಹೇಳುವುದು.

ನಮ್ಮ ಉದಾಹರಣೆಯಲ್ಲಿ ಸ್ಮಿಯರ್ ಕೂಡ ಪ್ಲೇಟ್‌ಲೆಟ್ ನಿಜವಾಗಿಯೂ ಜಾಸ್ತಿ ಇದೆ ಎಂದಿದೆ. ಮುಂದೆ?

ಅದೇ ಹಾಳೆಯ ಬೇರೆ ಸಾಲುಗಳನ್ನು ಓದಿ

ಎಲ್ಲರೂ ದಪ್ಪ ಅಕ್ಷರದಲ್ಲಿರುವ 7.8 ಲಕ್ಷವನ್ನೇ ನೋಡುತ್ತಾ ಕೂರುತ್ತಾರೆ. ಆದರೆ ಕಾರಣ ಆ ಅಂಕಿಯಲ್ಲಿ ಇರುವುದಿಲ್ಲ. ಸೋಂಕಿನಿಂದಲೂ 10 ಲಕ್ಷ ಆಗಬಹುದು, ಮೂಳೆ ಮಜ್ಜೆಯ ಕಾಯಿಲೆಯಲ್ಲೂ ಬರೀ 5 ಲಕ್ಷ ಇರಬಹುದು. ಎಷ್ಟು ಜಾಸ್ತಿ ಎನ್ನುವುದಕ್ಕಿಂತ ಜೊತೆಗೆ ಏನಿದೆ ಎನ್ನುವುದು ಮುಖ್ಯ.

ಈ ಹೆಣ್ಣುಮಗಳ ಹಾಳೆಯಲ್ಲಿ ಹಿಮೋಗ್ಲೋಬಿನ್ 8.4. ಎಂಸಿವಿ, ಅಂದರೆ ಕೆಂಪು ಕಣದ ಗಾತ್ರ, 66. ಅದು 80ರ ಮೇಲಿರಬೇಕಿತ್ತು. ಬಿಳಿ ರಕ್ತಕಣಗಳು ಸರಿಯಾಗಿವೆ. ಫೆರಿಟಿನ್ ಪರೀಕ್ಷೆ ಮಾಡಿಸಿದರೆ 5 ಬಂದಿದೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಪೂರ್ತಿ ಖಾಲಿ ಎಂದು ಇದರ ಅರ್ಥ. ಕಬ್ಬಿಣ ಸಾಲದೆ ಹೋದಾಗ ಮಜ್ಜೆಯ ತಾಯಿಕಣಗಳು ಕೆಂಪು ಕಣದ ಹಾದಿ ಬಿಟ್ಟು ಪ್ಲೇಟ್‌ಲೆಟ್ ಹಾದಿಗೆ ಹೆಚ್ಚು ಹೊರಳುತ್ತವೆ. ಒಂದು ಕಡಿಮೆ, ಇನ್ನೊಂದು ಜಾಸ್ತಿ. ಎರಡೂ ಒಂದೇ ಕೊರತೆಯ ಎರಡು ಮುಖ.

ಸೋಂಕಿನಲ್ಲಿ ದಾರಿ ಬೇರೆ. ನ್ಯುಮೋನಿಯಾ, ಕೀವು, ಕ್ಷಯ ಇಂಥವು ಇದ್ದಾಗ ದೇಹದ ಉರಿಯೂತದ ಸಂದೇಶ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಮಜ್ಜೆ ಆ ಆಜ್ಞೆಯಂತೆ ಪ್ಲೇಟ್‌ಲೆಟ್ ತಯಾರಿಸುತ್ತದೆ. ಅದಕ್ಕೇ ಜ್ವರ ಬಿಟ್ಟ ಮೇಲೆ, ಎರಡನೇ ವಾರದ ಹೊತ್ತಿಗೆ ಅಂಕಿ ಏರಿರುವುದುಂಟು. ಡೆಂಗಿಯಿಂದ ಎದ್ದ ಕೆಲವರಲ್ಲೂ ಕುಸಿದಿದ್ದ ಪ್ಲೇಟ್‌ಲೆಟ್ ಮಿತಿ ದಾಟಿ ಪುಟಿಯುತ್ತದೆ. ಒಂದು ಪ್ಲೇಟ್‌ಲೆಟ್‌ನ ಆಯುಸ್ಸು ಎಂಟು-ಹತ್ತು ದಿನ. ಸೋಂಕು ಪೂರ್ತಿ ಹೋಗಿದ್ದರೆ ಕೆಲವು ವಾರಗಳಲ್ಲಿ ಅದು ತಾನೇ ಇಳಿಯುತ್ತದೆ. ಗುಲ್ಮ, ಅಂದರೆ ಸ್ಪ್ಲೀನ್, ತೆಗೆಸಿಕೊಂಡವರದು ಮಾತ್ರ ಬೇರೆ ಕಥೆ. ಅವರಲ್ಲಿ ವರ್ಷಗಟ್ಟಲೆ ಜಾಸ್ತಿ ಉಳಿಯಬಹುದು.

ಇಲ್ಲೊಂದು ಬಲೆ ಇದೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಮ್ನೆ ಏರುತ್ತದೆ. ಕಬ್ಬಿಣ ನಿಜಕ್ಕೂ ಕಡಿಮೆ ಇದ್ದರೂ ರಿಪೋರ್ಟ್‌ನಲ್ಲಿ ‘ನಾರ್ಮಲ್’ ಎಂದು ಬರಬಹುದು. ಹಾಗಾಗಿ ಫೆರಿಟಿನ್ ಜೊತೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ನೋಡಬೇಕು. ಸಿಆರ್‌ಪಿ ಜಾಸ್ತಿ ಇದ್ದರೆ ಆ ಫೆರಿಟಿನ್ ಅನ್ನು ನಂಬಿ ಕೂರಬೇಡಿ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬ ಇನ್ನೊಂದು ಪರೀಕ್ಷೆಯನ್ನು ವೈದ್ಯರು ಬರೆಯುತ್ತಾರೆ.

ಕಾರಣಕ್ಕೆ ಔಷಧಿ, ಅಂಕಿಗಲ್ಲ

ಈ ಹೆಣ್ಣುಮಗಳಿಗೆ ಬೇಕಾದ್ದು ಕಬ್ಬಿಣದ ಮಾತ್ರೆ. ಸುಮಾರು 60 ಮಿಲಿಗ್ರಾಂ ಕಬ್ಬಿಣದ ಅಂಶ ಇರುವುದು, ದಿನಕ್ಕೆ ಒಂದು ಅಥವಾ ದಿನ ಬಿಟ್ಟು ದಿನ. ಚಹಾ ಕುಡಿದ ಕೂಡಲೇ ಮಾತ್ರೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಹಾಕ್ಕೂ ಮಾತ್ರೆಗೂ ಎರಡು ತಾಸಿನ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ದೂರ ಇಡಿ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ಬಿಡಬೇಡಿ. ಹೊಟ್ಟೆಗೆ ಒಗ್ಗದಿದ್ದರೆ ಬಿಡುವ ಬದಲು ವೈದ್ಯರಿಗೆ ಹೇಳಿ. ಬೇರೆ ಮಾತ್ರೆ ಇವೆ, ನರದ ಮೂಲಕ ಕೊಡುವ ಕಬ್ಬಿಣವೂ ಇದೆ.

ಆಸ್ಪಿರಿನ್ ಬೇಡ. ‘ಪ್ಲೇಟ್‌ಲೆಟ್ ಜಾಸ್ತಿ ಅಂದರೆ ರಕ್ತ ಹೆಪ್ಪುಗಟ್ಟುತ್ತದೆ, ತೆಳು ಮಾಡುವ ಗುಳಿಗಿ ತಗೊಳ್ಳಿ’ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಇವಳು ಆಸ್ಪಿರಿನ್ ತಗೊಂಡರೆ ಮುಟ್ಟಿನ ರಕ್ತ ಇನ್ನೂ ಹೆಚ್ಚು ಹೋಗುತ್ತದೆ. ಕಬ್ಬಿಣ ಇನ್ನೂ ಕಡಿಮೆಯಾಗುತ್ತದೆ. ಕಡೆಗೆ ಪ್ಲೇಟ್‌ಲೆಟ್ ಇನ್ನೂ ಏರುತ್ತದೆ! ಹೀಗೆ ಬೇರೆ ಕಾರಣಕ್ಕೆ ಏರಿದ ಪ್ಲೇಟ್‌ಲೆಟ್ ತಾನಾಗಿ ಹೆಪ್ಪುಗಟ್ಟಿಸುವ ಅಪಾಯ ಕಡಿಮೆ. ಹೃದಯಕ್ಕೋ ಮೆದುಳಿಗೋ ಈಗಾಗಲೇ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಮತ್ತೆ ಕಬ್ಬಿಣ ಎಲ್ಲಿ ಸೋರಿಹೋಯಿತು ಎಂದೂ ಹುಡುಕಬೇಕು. ಇವಳಿಗೆ ಗರ್ಭಕೋಶದ ಸ್ಕ್ಯಾನ್ ಬೇಕು, ಫೈಬ್ರಾಯ್ಡ್ ಗಡ್ಡೆ ಇರಬಹುದು. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಲ್ಲಿ ಕೊಕ್ಕೆಹುಳು ಇರಬಹುದು. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಎಂಡೋಸ್ಕೋಪಿ ಮಾಡಿಸಲೇಬೇಕು. ‘ಮೂಲವ್ಯಾಧಿ ಇರ್ತೈತಿ ಬಿಡ್ರಿ’ ಎಂದು ಕೈಬಿಟ್ಟರೆ ಕರುಳಿನ ಕ್ಯಾನ್ಸರ್ ತಪ್ಪಿಹೋಗಬಹುದು.

ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ನೋಡಿ

ಎಲ್ಲ ಸರಿ ಹೋದರೆ ಅಂಕಿಗಳು ಹೀಗೆ ಸಾಗುತ್ತವೆ. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 10ರ ಆಸುಪಾಸು, ಪ್ಲೇಟ್‌ಲೆಟ್ 5.4 ಲಕ್ಷ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.6, ಪ್ಲೇಟ್‌ಲೆಟ್ 3.6 ಲಕ್ಷ. ಒಂದು ಏರುತ್ತಾ ಹೋದಂತೆ ಇನ್ನೊಂದು ಇಳಿಯಿತು. ಕಾರಣ ಕಬ್ಬಿಣವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಕೂಡಿಡುವ ಕಬ್ಬಿಣವೂ ತುಂಬಲಿ ಎಂದು ಮಾತ್ರೆಯನ್ನು ಇನ್ನೂ ಸುಮಾರು ಮೂರು ತಿಂಗಳು ಮುಂದುವರಿಸುತ್ತಾರೆ.

ಬಹಳ ಜನ ಈ ಹೆಜ್ಜೆಯಲ್ಲೇ ಕೈಬಿಡುತ್ತಾರೆ. ದಣಿವು ಹೋಯಿತು, ಮತ್ಯಾಕೆ ಸೂಜಿ ಚುಚ್ಚಿಸಿಕೊಳ್ಳುವುದು ಅಂತ. ಆದರೆ ಫೆರಿಟಿನ್ ಕಡಿಮೆ ಇದ್ದ ಮಾತ್ರಕ್ಕೆ ಮಜ್ಜೆಯ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ನಮ್ಮಲ್ಲಿ ಕಬ್ಬಿಣದ ಕೊರತೆ ಎಷ್ಟು ಸಾಮಾನ್ಯ ಅಂದರೆ, ಒಬ್ಬರಲ್ಲೇ ಎರಡೂ ಇರಬಹುದು. ಹಿಮೋಗ್ಲೋಬಿನ್ 12.6 ಆಯಿತು, ಫೆರಿಟಿನ್ ತುಂಬಿತು, ಆದರೂ ಪ್ಲೇಟ್‌ಲೆಟ್ 7.1 ಲಕ್ಷದಲ್ಲೇ ನಿಂತಿದೆ ಅಂದರೆ ಪೂರ್ತಿ ದೋಷವನ್ನು ಕಬ್ಬಿಣದ ಮೇಲೆ ಹೊರಿಸಲು ಬರುವುದಿಲ್ಲ. ಇನ್ನೊಂದು ಸೂಚನೆಯೂ ಇದೆ. ಕಬ್ಬಿಣ ಕೊಟ್ಟ ಮೇಲೆ ಹಿಮೋಗ್ಲೋಬಿನ್ 13ಕ್ಕೆ ನಿಲ್ಲದೆ 16 ದಾಟಿದರೆ, ಕೆಂಪು ಕಣ ಅತಿಯಾಗಿ ಹುಟ್ಟುವ ಪಾಲಿಸೈಥೀಮಿಯಾ ಎಂಬ ಮಜ್ಜೆಯ ಕಾಯಿಲೆ ಕಬ್ಬಿಣದ ಕೊರತೆಯ ಮರೆಯಲ್ಲಿ ಅಡಗಿತ್ತೇ ಎಂದು ನೋಡಬೇಕಾಗುತ್ತದೆ.

ಇಳಿಯದೇ ಇದ್ದರೆ

ಆಗ ರಕ್ತರೋಗ ತಜ್ಞರ ಹತ್ತಿರ ಹೋಗಬೇಕು. ಎಸೆನ್ಶಿಯಲ್ ಥ್ರಾಂಬೊಸೈಥೀಮಿಯಾ, ಚಿಕ್ಕದಾಗಿ ಇಟಿ, ಎಂಬ ಕಾಯಿಲೆಯಲ್ಲಿ ಹೊರಗಿನಿಂದ ಯಾವ ಆಜ್ಞೆಯೂ ಬಂದಿರುವುದಿಲ್ಲ. ಮಜ್ಜೆಯ ಒಂದು ತಾಯಿಕಣದ ಜೀನ್ ಬದಲಾಗಿ, ಅದರ ಸಂತತಿ ತನ್ನಷ್ಟಕ್ಕೆ ಪ್ಲೇಟ್‌ಲೆಟ್ ಹುಟ್ಟಿಸುತ್ತಾ ಹೋಗುತ್ತದೆ. ರಕ್ತದಲ್ಲೇ ಈ ಬದಲಾವಣೆ ನೋಡಬಹುದು. ಇಟಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಜಾಕ್2 ಜೀನ್ ಬದಲಾಗಿರುತ್ತದೆ. 2005ರಲ್ಲಿ ಇದು ಪತ್ತೆಯಾಯಿತು. ಉಳಿದವರಲ್ಲಿ ಹಲವರಿಗೆ ಸಿಎಎಲ್‌ಆರ್ ಜೀನ್, ಕೆಲವರಿಗೆ ಎಂಪಿಎಲ್ ಜೀನ್ ಬದಲಾಗಿರುತ್ತದೆ. ಮೂರೂ ಇಲ್ಲದವರೂ ಇದ್ದಾರೆ. ಹಾಗಾಗಿ ಜೀನ್ ಪರೀಕ್ಷೆ ನೆಗೆಟಿವ್ ಬಂದರೆ ಇಟಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಜ್ಜೆಯ ಬಯಾಪ್ಸಿ ಬೇಕಾಗುತ್ತದೆ. ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಲು ಬಿಸಿಆರ್-ಎಬಿಎಲ್ ಪರೀಕ್ಷೆಯನ್ನೂ ಮಾಡುತ್ತಾರೆ.

ಕೆಲವರು ಮೂರು ತಿಂಗಳು ಕಾಯಬಾರದು. ಮೊದಲೇ ಪಾರ್ಶ್ವವಾಯು, ಹೃದಯಾಘಾತ ಅಥವಾ ಕಾಲಿನ ರಕ್ತನಾಳದಲ್ಲಿ ಹೆಪ್ಪು ಆದವರು, ಗುಲ್ಮ ಊದಿಕೊಂಡವರು, ಅಂಗಾಲು-ಬೆರಳು ಕೆಂಪಾಗಿ ಉರಿಯುವವರು, ಸೋಂಕೂ ಇಲ್ಲ, ಕಬ್ಬಿಣವೂ ಸರಿ ಇದ್ದರೂ ಅಂಕಿ ಜಾಸ್ತಿ ಇರುವವರು ನೇರವಾಗಿ ತಜ್ಞರನ್ನು ಕಾಣಬೇಕು. ಒಂದು ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ, ಎದೆ ನೋವು ಬಂದರೆ ತಡಮಾಡದೆ ತುರ್ತು ವಿಭಾಗಕ್ಕೆ ಹೋಗಬೇಕು.

ಇಟಿ ಎಂದು ಗೊತ್ತಾದರೆ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ. ಇಲ್ಲಿ ಆಸ್ಪಿರಿನ್‌ಗೆ ನಿಜವಾದ ಜಾಗ ಇದೆ. ವಯಸ್ಸು 60 ದಾಟಿದವರಿಗೆ, ಮೊದಲೇ ಹೆಪ್ಪುಗಟ್ಟಿದವರಿಗೆ ಹೈಡ್ರಾಕ್ಸಿಯೂರಿಯಾದಂಥ ಮಾತ್ರೆ ಸೇರಿಸಿ ಪ್ಲೇಟ್‌ಲೆಟ್ ಇಳಿಸುತ್ತಾರೆ. ಜಾಕ್2 ಇದ್ದವರಲ್ಲಿ ಹೆಪ್ಪಿನ ಅಪಾಯ ಜಾಸ್ತಿ. ಆದರೆ ಅಂಕಿ ಏರಿದಷ್ಟೂ ಹೆಪ್ಪಿನ ಅಪಾಯ ಏರುತ್ತದೆ ಎಂದಲ್ಲ. 10 ಲಕ್ಷ ದಾಟಿದಾಗ ರಕ್ತಸ್ರಾವ ತಡೆಯುವ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನ್ ಕಡಿಮೆಯಾಗಿ, ಮೂಗು, ವಸಡಿನಿಂದ ರಕ್ತ ಸೋರಬಹುದು. ಆ ಹೊತ್ತಿನಲ್ಲಿ ಅದನ್ನು ಪರೀಕ್ಷಿಸದೆ ಆಸ್ಪಿರಿನ್ ಕೊಟ್ಟರೆ ಕೆಟ್ಟದ್ದೇ ಆಗಬಹುದು. ಸರಿಯಾಗಿ ನೋಡಿಕೊಂಡ ಇಟಿಯೊಂದಿಗೆ ಜನ ದಶಕಗಟ್ಟಲೆ ಬದುಕುತ್ತಾರೆ. ಬಸಿರಿಗೆ ಮೊದಲು, ಯಾವುದೇ ಆಪರೇಷನ್‌ಗೆ ಮೊದಲು ಮಾತ್ರ ಇದನ್ನು ವೈದ್ಯರಿಗೆ ಹೇಳಲೇಬೇಕು.

ತಜ್ಞರ ಹತ್ತಿರ ಹೋಗುವಾಗ ಮನೆಯಲ್ಲಿರುವ ಹಳೆಯ ಸಿಬಿಸಿಗಳನ್ನೆಲ್ಲ ಹುಡುಕಿ ಒಯ್ಯಿರಿ. ಬಾಣಂತನದ್ದು, ಕಣ್ಣಿನ ಆಪರೇಷನ್‌ದು, ಹಳೆಯ ಜ್ವರದ್ದು, ಯಾವುದಾದರೂ ಸರಿ. ಎರಡು ವರ್ಷದ ಹಿಂದೆಯೇ 5.6 ಲಕ್ಷ ಇತ್ತೆಂದರೆ ಹೋದ ತಿಂಗಳ ನೆಗಡಿಯನ್ನು ದೂರುವ ಹಾಗಿಲ್ಲ. ಆಗ 2.9 ಲಕ್ಷ ಇತ್ತೆಂದರೆ, ಹೊಸದಾಗಿ ಏನಾಯಿತು ಎಂಬಲ್ಲಿಂದ ವೈದ್ಯರು ಹುಡುಕಲು ಶುರು ಮಾಡುತ್ತಾರೆ.