ಹದಿನೈದು ದಿನ ಕೈ ಬೀಸಲು ಬಿಡಲಿಲ್ಲ

“ಮಾಸ್ತರೇ, ಅರ್ಧ ರಜೆ ಮುಗಿಯಿತು, ಹುಡುಗ ಇನ್ನೂ ಗುಳ್ಳೆ ಬಿಡುತ್ತಲೇ ಇದ್ದಾನಲ್ಲ” ಎಂದು ಪಾಲಕರೊಬ್ಬರು ಶುಲ್ಕ ವಾಪಸ್ ಕೇಳಿದ್ದರು. ಕಾರವಾರದಲ್ಲಿ ನಾನು ಈಜು ಕಲಿಸುವ ಆ ಬೇಸಿಗೆ ತಂಡದಲ್ಲಿ ಹದಿನಾಲ್ಕು ಮಕ್ಕಳಿದ್ದರು. ಮೇ ಕೊನೆಗೆ ಹನ್ನೊಂದು ಮಂದಿ ಉಸಿರು ತೆಗೆದುಕೊಳ್ಳುತ್ತ 25 ಮೀಟರ್ ಫ್ರೀಸ್ಟೈಲ್ ದಾಟಿದರು. ಆ ಹುಡುಗನೂ ದಾಟಿದ.

ಮೊದಲು ನಾನೂ ಮೂರನೆಯ ದಿನಕ್ಕೇ ಕೈ ಹೇಳಿಕೊಡುತ್ತಿದ್ದೆ. ಮಕ್ಕಳು ಒಂದೇ ಉಸಿರಿನಲ್ಲಿ ಎಂಟು ಹತ್ತು ಮೀಟರ್ ಹೊಡೆಯುತ್ತಿದ್ದರು, ದಡದಲ್ಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಉಸಿರಿಗೆಂದು ತಲೆ ಎತ್ತಿದ ಕೂಡಲೇ ಸೊಂಟ ಕುಸಿದು ನಿಂತುಬಿಡುತ್ತಿದ್ದರು. ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲುಹಲಗೆ, ಕಿಕ್‌ಬೋರ್ಡಿಗೆಂದು ಸುಮಾರು ಆರು ಸಾವಿರ ಸುರಿದೆ. ಅದರ ಮೇಲೆ ಭಾರ ಹಾಕಿ ಗದ್ದ ಎತ್ತುವುದನ್ನೇ ಕಲಿತರು.

ಒಣ ತೆಂಗಿನಕಾಯಿ ಜೋಡಿಯನ್ನು ಸೊಂಟಕ್ಕೆ ಕಟ್ಟಿಯೂ ನೋಡಿದೆ. ಬಿಚ್ಚಿದ ಮರುಕ್ಷಣ ಕಾಲು ಕೆಳಗೆ. ಒಂದು ವಾರ ಶಾಂತವಾದ ಬೆಳಗ್ಗೆ ಸಮುದ್ರಕ್ಕೆ ಕರೆದೊಯ್ದೆ. ಉಪ್ಪುನೀರು ಎತ್ತಿ ಹಿಡಿಯುವುದರಿಂದ ಎಲ್ಲರೂ ತೇಲಿದರು, ಕೊಳಕ್ಕೆ ಮರಳಿದಾಗ ಮತ್ತೆ ಅದೇ ಕಥೆ.

ಈಗ ಮೊದಲ ನಾಲ್ಕೈದು ದಿನ ಆಮೆಯಂತೆ ಮುದುಡಿ ತೇಲುವುದು, ಗೋಡೆ ಒದ್ದು ಜಾರುವುದು, ಇಷ್ಟೇ. ಆಮೇಲಿನ ಹತ್ತು ದಿನ ಉಸಿರಿಗೆ. ತಪ್ಪು ಎಳೆದುಕೊಳ್ಳುವುದರಲ್ಲಿಲ್ಲ, ಬಿಡುವುದರಲ್ಲಿದೆ. ನೀರೊಳಗೆ ಉಸಿರು ಕಟ್ಟಿದ ಮಗು ಮುಖ ತಿರುಗಿಸಿದ ಆ ಅರೆಗಳಿಗೆಯಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಎಳೆಯಬೇಕಾಗುತ್ತದೆ. ಸಮಯ ಸಾಲದು, ಗಾಬರಿ ಬೀಳುತ್ತದೆ, ತಲೆ ಎತ್ತುತ್ತದೆ. ಅದಕ್ಕೇ ನಾನು ಮುಖ ನೋಡುವುದಿಲ್ಲ, ಗುಳ್ಳೆ ನೋಡುತ್ತೇನೆ. ಮುಖ ತಿರುಗುವವರೆಗೂ ಗುಳ್ಳೆ ಬರುತ್ತಿರಬೇಕು.

ಅದೇ ಹತ್ತು ದಿನಗಳಲ್ಲಿ, ಗುಳ್ಳೆ ಸರಿಹೋದ ನಂತರ ಒಂದು ಕೈ ಮುಂದೆ ಚಾಚಿ, ಕಿವಿಯನ್ನು ಆ ತೋಳಿನ ಮೇಲಿಟ್ಟು, ಪಕ್ಕಕ್ಕೆ ಮಲಗಿ ಕಾಲು ಬಡಿಯುವುದು. ಕನ್ನಡಕದ ಒಂದು ಗಾಜು ನೀರಿನಲ್ಲಿರಬೇಕು. ಎರಡೂ ಹೊರಬಂದರೆ ತಲೆ ಎತ್ತಿದ್ದಾರೆಂದೇ ಅರ್ಥ. ಹೆದರುವ ಮಕ್ಕಳಿಗೆ ಇಲ್ಲೊಂದು ಉಪಾಯ ಮಾಡುತ್ತೇನೆ. ಅದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಕೈ ಬರುವುದು ಹದಿನಾರನೆಯ ದಿನ. ಒಂದಡಿ ಪಿವಿಸಿ ಪೈಪಿನ ತುಂಡನ್ನು ಎರಡೂ ಕೈಯಲ್ಲಿ ಮುಂದೆ ಹಿಡಿಸುತ್ತೇನೆ. ಒಂದು ಕೈ ಎಳೆದು ಬಂದು ಪೈಪು ಮುಟ್ಟಿದ ಮೇಲೆಯೇ ಇನ್ನೊಂದು ಹೊರಡಬೇಕು. ಮೊಣಕೈ ಮೇಲೆಯೇ ಉಳಿಯಬೇಕು, ಅಂಗೈ ನೀರನ್ನು ತೊಡೆಯವರೆಗೆ ಹಿಂದಕ್ಕೆ ತಳ್ಳಬೇಕು. ಶುಲ್ಕ ಕೇಳಿದವರ ಹುಡುಗ ಕೈ ಹೊರಬಂದ ಮೇಲೆ ಮುಖ ತಿರುಗಿಸುತ್ತಿದ್ದ, ಹಾಗಾಗಿ ಎರಡು ದಿನ ನೀರು ಕುಡಿದ. ಎಳೆತ ಶುರುವಾಗುವಾಗಲೇ ತಿರುಗು ಎಂದೆ. ಮೂರನೆಯ ದಿನ ಸರಿಹೋಯಿತು.

ಪೈಪಿನ ಖರ್ಚು ನೂರು ರೂಪಾಯಿಯೂ ಆಗಲಿಲ್ಲ. ಕಿಕ್‌ಬೋರ್ಡುಗಳಲ್ಲಿ ನಾಲ್ಕನ್ನು ಅರ್ಧ ಬೆಲೆಗೆ ಮಾರಿದೆ, ಉಳಿದವು ಇನ್ನೂ ಅಟ್ಟದ ಮೇಲಿವೆ.