ಏಳು ವಾರ ಹಿಡಿದ ಒಂದು ‘ತಪ್ಪಾಯ್ತು’: ನನ್ನ ಅನುಭವ

ದೋಸ್ತರ ಮುಂದೆ ಹೆಂಡತಿಯನ್ನು ಹಂಗಿಸಿದ್ದೆ. ಅದಕ್ಕೆ ಸರಿಯಾಗಿ ತಪ್ಪು ಕೇಳುವಷ್ಟರಲ್ಲಿ ಹತ್ತಿರ ಹತ್ತಿರ 10,000 ರೂಪಾಯಿ ಖರ್ಚಾಯಿತು. ಅದರಲ್ಲಿ ಕೆಲಸಕ್ಕೆ ಬಂದದ್ದು ಕೊನೆಯ 900 ಮಾತ್ರ. ಉಳಿದದ್ದೆಲ್ಲ ನೀರಲ್ಲಿ ಹೋಮ. ‘ಬೇಡ, ಕೆಡುತ್ತೆ’ ಅಂದ ದೋಸ್ತನೇ ಈಗ ‘ಹೆಂಗೆ ಮಾಡಿದೆ ಹೇಳಲೇ’ ಅನ್ನುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನಮ್ಮದು ನಾಲ್ಕು ಮನೆಯವರ ಗುಂಪು. ತಿಂಗಳಿಗೊಮ್ಮೆ ಯಾರದ್ದಾದರೂ ಮನೆಯಲ್ಲಿ ಮಂಡಕ್ಕಿ, ಮಿರ್ಚಿ, ಹರಟೆ. ಆ ಸಲ ವಿದ್ಯಾನಗರದಲ್ಲಿ ಗೆಳೆಯನ ಮಾಳಿಗೆ ಮೇಲೆ ಕೂತಿದ್ದೆವು. ಹಳೇ ಬೈಕನ್ನು ಯಾಕೆ ಇನ್ನೂ ಓಡಿಸುತ್ತೀಯ ಅಂತ ಒಬ್ಬ ಕೇಳಿದ. ‘ನಮ್ಮ ಮೇಡಂ ಚೀಟಿಯಲ್ಲಿ 60,000 ಮುಳುಗಿಸಿದ್ದಾರಲ್ಲ, ಅವರನ್ನೇ ಕೇಳು’ ಅಂದೆ. ಎಲ್ಲರೂ ನಕ್ಕರು. ‘ಮನೇಲಿ ಮಾತಾಡೋಣ ರೀ’ ಅಂದಳು ಇವಳು. ಅಲ್ಲಿಗೇ ಬಿಡಬೇಕಿತ್ತು. ನನಗೆ ನಗು ಸಿಕ್ಕಿದ ಹುರುಪು. ದನಿ ಏರಿಸಿ ‘ಲೆಕ್ಕ ಗೊತ್ತಿಲ್ಲದೋರು ದುಡ್ಡಿನ ವಿಷಯಕ್ಕೆ ಕೈ ಹಾಕಬಾರದು’ ಅಂದುಬಿಟ್ಟೆ. ಅವಳೂ ಎರಡು ಮಾತು ಆಡಿದಳು, ನಾನು ನಾಲ್ಕು ಆಡಿದೆ. ಆಮೇಲೆ ಯಾರೂ ನಗಲಿಲ್ಲ. ಅರ್ಧ ತಿಂದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು, ಕೈಯಲ್ಲಿದ್ದ ಪೇಪರ್ ತುಂಡನ್ನು ಮಡಚಿದಳು. ಮತ್ತೆ ಮಡಚಿದಳು. ಬೆರಳಿನಷ್ಟಾಗುವ ತನಕ ಮಡಚುತ್ತಲೇ ಇದ್ದಳು.

ಮೊದಲ ತಪ್ಪು ಬೈಕಿನ ಮೇಲೇ ಆಯಿತು. ‘ತಮಾಷೆಗೆ ಅಂದಿದ್ದು ಕಣೇ’ ಅಂದೆ. ‘ನನಗೆ ನಗು ಬರಲಿಲ್ಲ’ ಅಂದಳು. ಮೂರು ದಿನ ನಮ್ಮ ಮಾತೆಲ್ಲ ಮಗಳ ಮೂಲಕ. ‘ನಿಮ್ಮಪ್ಪಂಗೆ ಊಟಕ್ಕೆ ಬಾ ಅನ್ನು’ ಅನ್ನೋ ಥರ. ಇದು ಎಲ್ಲರಿಗೂ ಗೊತ್ತಿರೋದೇ, ಬಿಡಿ.

ಎರಡನೆಯದು ಸೀರೆ. 4,600 ಇರಬೇಕು. ‘ಚೆನ್ನಾಗಿದೆ’ ಅಂತ ಕವರ್ ಸಮೇತ ಬೀರುವಿನಲ್ಲಿಟ್ಟಳು. ಬಾಗಿಲು ಹಾಕುತ್ತಾ ‘ಬಿಲ್ ಒಳಗೇ ಇಟ್ಟಿದೀನಿ, ಲೆಕ್ಕ ಗೊತ್ತಿರೋರು ನೋಡ್ಕೊಳ್ಲಿ’ ಅಂದಳು. ಸುಳಿವು ಅಲ್ಲೇ ಇತ್ತು. ನನಗೆ ಹೊಳೆಯಲಿಲ್ಲ.

ಮೂರನೆಯದು ಶುದ್ಧ ದಡ್ಡತನ. ರಾತ್ರಿ ಹನ್ನೊಂದಕ್ಕೆ ಗುಂಪಿನ ವಾಟ್ಸಾಪ್‌ನಲ್ಲಿ ಕೈ ಮುಗಿದ ಚಿತ್ರ ಹಾಕಿ ಸಾರಿ ಅಂತ ಬರೆದೆ. ‘ಊಟ ಸಿಕ್ಕಿಲ್ಲ ಅಂತ ಕಾಣುತ್ತೆ’ ಅಂತ ಒಬ್ಬ ಹಲ್ಲು ಕಿರಿದ. ಮರೆತಿದ್ದವರಿಗೂ ನೆನಪಾಯಿತು. ಬೆಳಿಗ್ಗೆ ಎದ್ದಾಗ ಇವಳು ಗುಂಪಿನಿಂದಲೇ ಹೊರಗೆ ಹೋಗಿದ್ದಳು.

ನಾಲ್ಕನೆಯದು ಚಿತ್ರದುರ್ಗದ ಕೋಟೆ. ಬಾಡಿಗೆ ಕಾರು, ಊಟ ಸೇರಿ 4,200 ಆಯಿತು. ಓಬವ್ವನ ಕಿಂಡಿ ಹತ್ತಿರ ನಿಂತು ‘ತಪ್ಪಾಯ್ತು, ಆದ್ರೆ ನೀನೂ ಅಲ್ಲಿ ಎದುರು ಮಾತಾಡಿದೆ’ ಅಂದೆ. ಒನಕೆ ಹಿಡಿದು ನಿಂತವಳ ಜಾಗದಲ್ಲಿ ಹೆಂಡತಿಯ ತಪ್ಪು ಎತ್ತಬಾರದು ಅನ್ನೋ ಬುದ್ಧಿಯೂ ಬೇಡವೇ? ಅವಳು ಮೆಟ್ಟಿಲು ಇಳಿದು ಕಾರಿನಲ್ಲಿ ಕೂತಳು. ‘ಆದ್ರೆ’ ಅಂದ ಕೂಡಲೇ ಅದರ ಹಿಂದಿನ ‘ತಪ್ಪಾಯ್ತು’ ಲೆಕ್ಕಕ್ಕಿಲ್ಲ.

ಅಷ್ಟೊತ್ತಿಗೆ ಮನೆಯಲ್ಲಿ ಎಲ್ಲ ಸರಿಹೋದ ಹಾಗೇ ಕಾಣುತ್ತಿತ್ತು. ಮಾತು, ಊಟ, ನಗು ಎಲ್ಲ ಇತ್ತು. ಆದರೆ ಮುಂದಿನ ತಿಂಗಳ ಸೇರುವಿಕೆಗೆ ತಲೆನೋವು ಅಂದಳು. ಆ ಗುಂಪಿನಲ್ಲೇ ಒಂದು ನಾಮಕರಣಕ್ಕೆ ಕರೆದಾಗ, ಅರ್ಜೆಂಟಾಗಿ ಬ್ಲೌಸ್ ಹೊಲಿಯೋದಿದೆ, ಬರಲ್ಲ ಅಂದಳು. ಮೂರನೇ ನೆಪಕ್ಕೆ ನನಗೆ ತಲೆಗೆ ಹೋಯಿತು. ಇವಳ ತೊಂದರೆ ನನ್ನ ಮುಖ ನೋಡುವುದಲ್ಲ, ಆ ಆರು ಜನರ ಮುಖ ನೋಡುವುದು.

ಒಂದು ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗ ಕೇಳಿದೆ: ‘ಆ ದಿನ ಯಾವ ಮಾತು ಜಾಸ್ತಿ ಚುಚ್ಚಿತು?’ 60,000ದ ಮಾತು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ‘ಲೆಕ್ಕ ಗೊತ್ತಿಲ್ಲದೋರು’ ಅಂದದ್ದಂತೆ. ಇವಳದ್ದು ಹೊಲಿಗೆ ಕೆಲಸ, ಕೈಕೆಳಗೆ ಇಬ್ಬರು ಹುಡುಗಿಯರಿದ್ದಾರೆ. ಗುಂಪಿನ ಒಬ್ಬಳು ಇವಳ ಹಳೇ ಗಿರಾಕಿ. ಜಗಳದ ನಂತರ ಬ್ಲೌಸ್ ತಗೊಳ್ಳೋಕೆ ಬಂದವಳು, ಯಾವತ್ತೂ ಇಲ್ಲದವಳು, ‘ಒಂದು ಚೀಟೀಲಿ ಲೆಕ್ಕ ಬರ್ಕೊಡ್ರೀ’ ಅಂದಳಂತೆ. ಚಿಲ್ಲರೆಯನ್ನು ಎರಡು ಸಲ ಎಣಿಸಿದಳಂತೆ. ಐದು ವಾರದಿಂದ ನಾನು ಬೇರೆ ಮಾತಿಗೆ ತಪ್ಪು ಕೇಳುತ್ತಿದ್ದೆ!

ಅವರೆಲ್ಲರ ಮುಂದೆ ಹೇಳಲಾ ಅಂತ ಕೇಳಿದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ ಕರಾರು ಹಾಕಿದಳು: ಅಳಬಾರದು, ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಬಾರದು, ನನ್ನಿಂದ ಉತ್ತರ ಕೇಳಬಾರದು. ಈ ಒಪ್ಪಿಗೆ ಇಲ್ಲದೆ ಮಾಡಲೇಬೇಡಿ. ಬೇಡ ಅಂದಿದ್ದರೆ ನಾನೂ ಬಿಡುತ್ತಿದ್ದೆ. ಒಬ್ಬ ದೋಸ್ತ ಮಾತ್ರ ‘ಹಳೇ ಗಾಯ ಕೆರೀಬೇಡ ಮಾರಾಯ, ಎಲ್ಲ ಮರೆತಿದ್ದಾರೆ’ ಅಂತ ಬುದ್ಧಿ ಹೇಳಿದ. ಲೆಕ್ಕ ಬರೆಸಿಕೊಂಡವಳು ಅವನ ಹೆಂಡತಿಯೇ. ಅದು ಅವನಿಗೆ ಗೊತ್ತಿರಲಿಲ್ಲ.

ಈ ನಡುವೆ ಅಂಗಡಿಯಲ್ಲಿ ಒಂದು ಪ್ರಯೋಗವೂ ಆಯಿತು. ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿ. ಗಿರಾಕಿ ಮುಂದೆ ಹುಡುಗನಿಗೆ ಸುಮ್ನೆ ಬೈದಿದ್ದೆ. ಸಂಜೆ ಒಬ್ಬನೇ ಇದ್ದಾಗ ತಪ್ಪಾಯ್ತು ಕಣಪ್ಪ ಅಂದೆ. ತಲೆ ಆಡಿಸಿದ, ಅಷ್ಟೇ. ಎರಡು ದಿನ ಬಿಟ್ಟು ಅದೇ ಗಿರಾಕಿ ಬಂದಾಗ ‘ಅವತ್ತು ಬೇರಿಂಗ್ ನಂಬರ್ ತಪ್ಪು ಹೇಳಿದ್ದು ನಾನು, ಇವನಲ್ಲ’ ಅಂದೆ. ಹುಡುಗ ಆವತ್ತು ಶಟರ್ ಎಳೆಯುವಾಗ ಸಿಳ್ಳೆ ಹಾಕುತ್ತಿದ್ದ. ಧೈರ್ಯ ಬಂತು.

ನಮ್ಮ ಮನೆಗೇ ಎಲ್ಲರನ್ನೂ ಕರೆದೆ. ಒಂದು ಮನೆಯವರು ಬರಲ್ಲ ಅಂದಾಗ ಒಂದು ವಾರ ಮುಂದೆ ಹಾಕಿದೆ, ಯಾಕೆಂದರೆ ಕೇಳಿದ ಕಿವಿಗಳಷ್ಟೂ ಇರಬೇಕು. ಮಂಡಕ್ಕಿ, ಮಿರ್ಚಿ, ಚಹಾ ಎಲ್ಲ ಸೇರಿ 900. ಬಂದ ತಕ್ಷಣ ಹೇಳಿದರೆ ನಾಟಕ ಅನಿಸುತ್ತೆ. ಹೊರಡುವಾಗ ಹೇಳಿದರೆ ಎಲ್ಲರ ಕಣ್ಣು ಚಪ್ಪಲಿ ಮೇಲೆ. ಮಿರ್ಚಿ ಮುಗಿದು ಚಹಾ ಬರೋ ಮುಂಚೆ, ಕೂತಲ್ಲೇ ಹೇಳಿದೆ:

‘ಅವತ್ತು ಚೀಟಿ ದುಡ್ಡು ಇವಳು ಮುಳುಗಿಸಿದಳು ಅಂದೆ. ಅದು ಸುಳ್ಳು. ಸೇರು ಅಂದವನು ನಾನು, ಮೊದಲ ಕಂತು ಕಟ್ಟಿದವನೂ ನಾನು. ಇವಳಿಗೆ ಲೆಕ್ಕ ಗೊತ್ತಿಲ್ಲ ಅಂದೆ. ನನ್ನ ಅಂಗಡಿ ಲೆಕ್ಕವನ್ನೇ ತಿಂಗಳ ಕೊನೆಗೆ ಇವಳು ಕೂಡಿಸಿ ಕೊಡೋದು. ನಿಮ್ಮ ಮುಂದೆ ಅಂದೆ, ಅದಕ್ಕೆ ನಿಮ್ಮ ಮುಂದೇ ಹೇಳ್ತಿದೀನಿ. ತಪ್ಪಾಯ್ತು.’

ಅರ್ಧ ನಿಮಿಷ ಆಗಿರಬಹುದು. ಇನ್ನೊಂದು ಸಾಲೂ ಇತ್ತು. ಅದು ಅವಳಿಗೆ ಹೇಳಿದ್ದು, ಇಲ್ಲಿ ಬರೆಯಲ್ಲ. ಆಮೇಲೆ ಬೀಳುವ ಮೌನವನ್ನು ಹೇಗೆ ಒಡೆಯಬೇಕು ಅನ್ನೋದಕ್ಕೂ ಒಂದು ಉಪಾಯ ಮಾಡಿಟ್ಟಿದ್ದೆ. ಅದನ್ನೂ ಹೇಳಲ್ಲ. ಎಲ್ಲರೂ ಅದನ್ನೇ ಮಾಡಿದರೆ ಕೆಲಸ ಕೆಡುತ್ತೆ.

ಇವಳು ಕ್ಷಮಿಸಿದೆ ಗಿಮಿಸಿದೆ ಅಂತ ಏನೂ ಅನ್ನಲಿಲ್ಲ. ಒಳಗಿಂದ ಚಹಾ ತಂದು ‘ಆರೋಗುತ್ತೆ, ತಗೊಳ್ರೀ’ ಅಂದಳು. ಏನಾಯಿತೋ ಅಂತ ನನಗೆ ಹತ್ತು ದಿನ ಗೊತ್ತಾಗಲಿಲ್ಲ. ಹನ್ನೊಂದನೇ ದಿನವೋ ಏನೋ, ಆ ಗಿರಾಕಿ ಮೂರು ಬ್ಲೌಸ್ ಪೀಸ್ ತಂದು, ದುಡ್ಡನ್ನು ಎಣಿಸದೆ ಮಿಷಿನ್ ಮೇಲಿಟ್ಟು ಹೋದಳಂತೆ. ಮುಂದಿನ ತಿಂಗಳು ಯಾರ ಮನೆಯಲ್ಲಿ ಸೇರೋದು ಅಂತ ಇವಳೇ ಕೇಳಿದಳು.

ಸೀರೆಯನ್ನು ಮಾತ್ರ ಉಡಲಿಲ್ಲ. ಬಿಲ್ ಹಿಡಿದುಕೊಂಡು ಅಂಗಡಿಗೆ ಹೋದಳು. ಅವರು ದುಡ್ಡು ವಾಪಸ್ ಕೊಡಲ್ಲ ಅಂದರಂತೆ. ಸೀರೆ ಕೊಟ್ಟು ಅಷ್ಟೂ ದುಡ್ಡಿಗೆ ಲೈನಿಂಗ್ ಬಟ್ಟೆ ತಂದಿದ್ದಾಳೆ, ಎರಡು ಮೀಟರ್ ಚೌಕಾಸಿ ಮಾಡಿ ಮೇಲೆ ಹಾಕಿಸಿಕೊಂಡು.