ಕಣದ ಭತ್ತದ ರಾಶಿಯನ್ನು ಫೋಟೋದಿಂದ ಅಂದಾಜು ಮಾಡುವ ಕ್ರಮ

ತೀರ್ಥಹಳ್ಳಿ ಕಡೆಯ ನಮ್ಮ ಕಣದಲ್ಲಿ ಚೀಲ ತುಂಬುವ ಮುನ್ನ ರಾಶಿಯ ತೂಕವನ್ನು ಅಂದಾಜಿಸಲು ನಾನು ಅನುಸರಿಸುವ ಕ್ರಮವಿದು. ಒಂದು ಮೀಟರ್ ಉದ್ದದ ಕೋಲನ್ನು ರಾಶಿಯ ಪಕ್ಕದಲ್ಲಿ, ಅದರ ತುದಿಯ ನೇರಕ್ಕೆ ನೆಟ್ಟಗೆ ನಿಲ್ಲಿಸಬೇಕು. ಕೋಲು ರಾಶಿಯ ಮುಂದಿದ್ದರೆ ಕ್ಯಾಮೆರಾಕ್ಕೆ ಹತ್ತಿರವಾಗಿ ದೊಡ್ಡದಾಗಿ ಕಾಣುವುದರಿಂದ ರಾಶಿಯ ಅಳತೆ ಕಡಿಮೆ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಾಕಷ್ಟು ದೂರ ಸರಿದು, ಫೋನನ್ನು ತಗ್ಗಿಸಿ ಹಿಡಿದು, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಿಂದ ಫೋಟೋ ತೆಗೆಯಿರಿ.

ಎರಡು ಫೋಟೋಗಳಲ್ಲೂ ಕೋಲು 300 ಪಿಕ್ಸೆಲ್, ರಾಶಿಯ ಬುಡ ಒಂದರಲ್ಲಿ 1260, ಇನ್ನೊಂದರಲ್ಲಿ 1140, ಎತ್ತರ 360 ಪಿಕ್ಸೆಲ್ ಇದ್ದರೆ, ಅಗಲಗಳು 4.2 ಮತ್ತು 3.8 ಮೀಟರ್, ಎತ್ತರ 1.2 ಮೀಟರ್ ಆಗುತ್ತವೆ. ಅಗಲಗಳ ಅರ್ಧವನ್ನು a, b ಎಂದೂ ಎತ್ತರವನ್ನು h ಎಂದೂ ಇಟ್ಟುಕೊಂಡರೆ ಶಂಕುವಿನ ಸೂತ್ರ ಹೀಗಿದೆ:

```
V = π × a × b × h ÷ 3
V = 3.14 × 2.1 × 1.9 × 1.2 ÷ 3 ≈ 5.0
```

ಅಂದರೆ ಸುಮಾರು 5 ಘನ ಮೀಟರ್. ತೂಕಕ್ಕಾಗಿ, 20 ಲೀಟರ್ ಹಿಡಿಯುವ ಬಕೆಟ್ಟಿಗೆ ಅದೇ ರಾಶಿಯ ಭತ್ತವನ್ನು ಒತ್ತದೆ ಸುರಿದು, ಬಾಯಿಮಟ್ಟಕ್ಕೆ ಸವರಿ ತೂಗಬೇಕು. ಭತ್ತ 11.4 ಕೆಜಿ ತೂಗಿದರೆ ಘನ ಮೀಟರಿಗೆ 570 ಕೆಜಿ. ಇಡೀ ರಾಶಿ ಸುಮಾರು 28.5 ಕ್ವಿಂಟಾಲ್. ನಮ್ಮ ಮಂಜಿನ ಸೀಮೆಯಲ್ಲಿ ತೇವಾಂಶ ದಿನದಿಂದ ದಿನಕ್ಕೆ ಬದಲಾಗುವುದರಿಂದ ಹಳೆಯ ಅಂಕಿಯನ್ನು ಬಳಸಬೇಡಿ.

ರಾಶಿಯ ತುದಿ ತುಸು ಮೊಂಡಾಗಿದ್ದರೆ ಚಿಂತೆಯಿಲ್ಲ, ಏಕೆಂದರೆ ಮೇಲಿನ 20 ಸೆಂಟಿಮೀಟರಿನಲ್ಲಿರುವ ಕಾಳು ಒಟ್ಟಿನ ಶೇ. 0.5ರಷ್ಟೂ ಇಲ್ಲ. ಆದರೆ ಬುಡದ ಅಗಲಗಳೆರಡೂ ಶೇ. 10ರಷ್ಟು ಹೆಚ್ಚಾಗಿ ಅಳೆದರೆ ತೂಕ ಶೇ. 21ರಷ್ಟು ಹೆಚ್ಚುತ್ತದೆ, ಆದ್ದರಿಂದ ಅಂಚಿನಲ್ಲಿ ತೆಳುವಾಗಿ ಚದುರಿದ ಕಾಳನ್ನು ಮೊದಲೇ ಒಳಕ್ಕೆ ಗುಡಿಸಿಕೊಳ್ಳಿ.